ಎಂಟರಿಂದ ಗುಣಿಸಿದ್ದಷ್ಟೇ

ಒಂದು ಫೋಟೋದಲ್ಲಿ ಕಾರು ಎಲ್ಲಿದೆ, ನಾಯಿ ಎಲ್ಲಿದೆ ಎಂದು ಚೌಕ ಹಾಕಿ ತೋರಿಸುವ ನ್ಯೂರಲ್ ನೆಟ್‌ವರ್ಕ್‌ಗಳಲ್ಲಿ ಎಸ್‌ಎಸ್‌ಡಿ ಎಂಬುದೊಂದಿದೆ. ಎನ್‌ವಿಡಿಯಾ ಮತ್ತು ಬೈದು ಕಂಪನಿಗಳ ಸಂಶೋಧಕರು 2017ರಲ್ಲಿ ಇದನ್ನು ಎರಡು ರೀತಿಯಲ್ಲಿ ಕಲಿಸಿ ನೋಡಿದರು. ಮಾಮೂಲಿನಂತೆ 32 ಬಿಟ್ ಸಂಖ್ಯೆಗಳಲ್ಲಿ ಲೆಕ್ಕ ಮಾಡಿಸಿದಾಗ ನಿಖರತೆ 76.9ಕ್ಕೆ ಬಂತು. ಅದೇ ಲೆಕ್ಕವನ್ನು 16 ಬಿಟ್ ಸಂಖ್ಯೆಗಳಿಗೆ ಇಳಿಸಿದಾಗ ಕಲಿಕೆಯೇ ದಾರಿ ತಪ್ಪಿತು, ಅಂಕ ಎಂದು ಹೇಳಿಕೊಳ್ಳಲು ಏನೂ ಸಿಗಲಿಲ್ಲ. ಆಮೇಲೆ ಅವರು ಲೆಕ್ಕದ ನಡುವೆ ಒಂದೇ ಒಂದು ಸಂಖ್ಯೆಯನ್ನು ಎಂಟರಿಂದ ಗುಣಿಸಿದರು, ಕೊನೆಯಲ್ಲಿ ಮತ್ತೆ ಎಂಟರಿಂದ ಭಾಗಿಸಿದರು. 16 ಬಿಟ್‌ನಲ್ಲಿಯೇ ನಿಖರತೆ 77.1ಕ್ಕೆ ಬಂತು.

ಶಾಲೆಯ ಗಣಿತದ ಪ್ರಕಾರ ಇದು ಅರ್ಥವಿಲ್ಲದ ಕೆಲಸ. ಎಂಟರಿಂದ ಗುಣಿಸಿ ಎಂಟರಿಂದಲೇ ಭಾಗಿಸಿದರೆ ಮೊದಲಿದ್ದದ್ದೇ ಉಳಿಯಬೇಕು. ಕಂಪ್ಯೂಟರಿನ ಸಂಖ್ಯೆಗಳು ಶಾಲೆಯ ಸಂಖ್ಯೆಗಳಲ್ಲ ಎಂಬುದೇ ಇದಕ್ಕೆ ಉತ್ತರ. ಆ ಎಂಟು ಏನನ್ನು ಉಳಿಸಿತು ಎಂದು ತಿಳಿಯಬೇಕಾದರೆ 16 ಬಿಟ್‌ನೊಳಗೆ ಒಂದು ಸಂಖ್ಯೆ ಹೇಗೆ ಕೂತಿರುತ್ತದೆ ಎಂದು ಮೊದಲು ನೋಡಬೇಕು.

ಹಾಫ್ ಪ್ರಿಸಿಷನ್ ಎಂದು ಕರೆಯುವ ಈ ಬಗೆಯಲ್ಲಿ ಒಂದು ಬಿಟ್ ಧನವೋ ಋಣವೋ ಎಂದು ಹೇಳುತ್ತದೆ. ಐದು ಬಿಟ್‌ಗಳು ಸಂಖ್ಯೆಯ ಗಾತ್ರವನ್ನು, ಅಂದರೆ ಅದು ಎರಡರ ಯಾವ ಘಾತದ ಹತ್ತಿರ ಇದೆ ಎಂಬುದನ್ನು ಹೇಳುತ್ತವೆ. ಉಳಿದ ಹತ್ತು ಬಿಟ್‌ಗಳು ವಿವರಕ್ಕೆ. ಹತ್ತು ಬಿಟ್ ಎಂದರೆ 1024 ಭಾಗಗಳು. ಹಾಗಾಗಿ 1 ಮತ್ತು 2ರ ನಡುವಿನ ಜಾಗ 1024 ಸಮಭಾಗಗಳಾಗಿ ಒಡೆದಿರುತ್ತದೆ, 2 ಮತ್ತು 4ರ ನಡುವಿನದ್ದೂ 1024 ಭಾಗಗಳಾಗಿಯೇ. ದೊಡ್ಡ ಸಂಖ್ಯೆಗಳ ಕಡೆಗೆ ಹೋದಷ್ಟೂ ಪಕ್ಕಪಕ್ಕದ ಸಂಖ್ಯೆಗಳ ನಡುವಿನ ಅಂತರ ಹಿಗ್ಗುತ್ತದೆ, ಸೊನ್ನೆಯ ಕಡೆಗೆ ಬಂದಷ್ಟೂ ಕುಗ್ಗುತ್ತದೆ. ಮೇಲಿನ ಮಿತಿ 65504. ಅದನ್ನು ದಾಟಿದ ಉತ್ತರ ಅನಂತ ಎಂದು ದಾಖಲಾಗುತ್ತದೆ, ತೆರೆಯ ಮೇಲೆ `inf` ಎಂದು ಕಾಣುತ್ತದೆ.

ಕೆಳಗಿನ ತುದಿಯಲ್ಲಿ ಕಥೆ ಬೇರೆ. ಐದು ಬಿಟ್‌ಗಳಿಂದ ಹೇಳಬಹುದಾದ ಅತಿ ಸಣ್ಣ ಘಾತ 2⁻¹⁴, ಅಂದರೆ ಸುಮಾರು 0.000061. ಅದಕ್ಕಿಂತ ಕೆಳಗೆ ಇಳಿದರೆ ಅಂತರ ಇನ್ನು ಕುಗ್ಗುವುದಿಲ್ಲ. ಅಲ್ಲಿಂದ ಸೊನ್ನೆಯವರೆಗೆ ಒಂದೇ ಸಮನಾದ ಅಂತರ, 2⁻²⁴. ದಶಾಂಶದಲ್ಲಿ ಬರೆದರೆ 0.0000000596. ಇದೇ ಹಾಫ್ ಪ್ರಿಸಿಷನ್ ಬಲ್ಲ ಅತಿ ಸಣ್ಣ ಧನಸಂಖ್ಯೆ. ಇದನ್ನು ಮುಂದೆ ಕನಿಷ್ಠ ಘಟಕ ಎಂದು ಕರೆಯುತ್ತೇನೆ. ಉತ್ತರವೊಂದು ಈ ಘಟಕದ ಅರ್ಧಕ್ಕಿಂತ ಕಡಿಮೆ ಇದ್ದರೆ ಅದು ಹತ್ತಿರದ ಸಂಖ್ಯೆಗೆ, ಅಂದರೆ ಸೊನ್ನೆಗೆ ಇಳಿಯುತ್ತದೆ. ಅಂಡರ್‌ಫ್ಲೋ ಎಂದರೆ ಇದೇ. 32 ಬಿಟ್ ಸಂಖ್ಯೆಯಲ್ಲಿ ಗಾತ್ರಕ್ಕೆ ಎಂಟು ಬಿಟ್‌ಗಳಿರುವುದರಿಂದ ಅದರ ಕೆಳಮಿತಿ ದಶಾಂಶ ಬಿಂದುವಿನ ನಂತರ ಮೂವತ್ತೇಳು ಸೊನ್ನೆಗಳಾಚೆ ಇದೆ. ಕಲಿಕೆಯ ಲೆಕ್ಕಗಳು ಅಲ್ಲಿಯವರೆಗೆ ಇಳಿಯುವುದು ಬಲು ಅಪರೂಪ.

ಇಷ್ಟು ಇಕ್ಕಟ್ಟಿನ ಸಂಖ್ಯೆಗಳನ್ನು ಯಾಕಾದರೂ ಬಳಸಬೇಕು ಎಂದು ಕೇಳಬಹುದು. ಮೆಮೊರಿ ಅರ್ಧ ಸಾಕು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ವೇಗ. 2017ರಲ್ಲೇ ಬಂದ ಎನ್‌ವಿಡಿಯಾದ ವಿ100 ಚಿಪ್ ಸಾಮಾನ್ಯ 32 ಬಿಟ್ ಲೆಕ್ಕಗಳನ್ನು ಸೆಕೆಂಡಿಗೆ ಸುಮಾರು 15 ಲಕ್ಷ ಕೋಟಿ ಮಾಡಬಲ್ಲದಾಗಿತ್ತು. ಅದರೊಳಗಿನ ಟೆನ್ಸರ್ ಕೋರ್‌ಗಳಿಗೆ 16 ಬಿಟ್ ಸಂಖ್ಯೆಗಳನ್ನು ಕೊಟ್ಟರೆ ಈ ಮಿತಿ 125 ಲಕ್ಷ ಕೋಟಿಗೆ ಏರುತ್ತಿತ್ತು. ವಾರಗಟ್ಟಲೆ ನಡೆಯುವ ಕಲಿಕೆಗೆ ಇಷ್ಟು ವ್ಯತ್ಯಾಸ ಸಿಗುವಾಗ ಬಿಟ್ಟುಕೊಡುವವರು ಯಾರೂ ಇಲ್ಲ. ಸೊನ್ನೆಯಾಗಿ ಕಳೆದುಹೋಗುವುದನ್ನು ತಡೆಯುವುದು ಹೇಗೆ ಎಂಬುದೇ ಉಳಿದ ಪ್ರಶ್ನೆ.

ಏನು ಕಳೆದುಹೋಗುತ್ತದೆ ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಬೆಂಗಳೂರು ಮತ್ತು ಹೈದರಾಬಾದಿನ ರಸ್ತೆಗಳಲ್ಲಿ ತೆಗೆದ ಚಿತ್ರಗಳ ಒಂದು ದೊಡ್ಡ ಸಂಗ್ರಹ, ಇಂಡಿಯಾ ಡ್ರೈವಿಂಗ್ ಡೇಟಾಸೆಟ್, ಸಂಶೋಧಕರಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಚಿತ್ರದ ಒಂದೊಂದು ಪಿಕ್ಸೆಲ್ಲಿಗೂ ಇದು ರಸ್ತೆ, ಇದು ಆಟೋ, ಇದು ಆಕಾಶ ಎಂದು ಗುರುತು ಹಾಕಿರುತ್ತಾರೆ. ಇಂಥ ಗುರುತನ್ನು ತಾನಾಗಿಯೇ ಹಾಕಬಲ್ಲ ಒಂದು ನೆಟ್‌ವರ್ಕ್ ಕಲಿಸುತ್ತಿದ್ದೇವೆ ಎಂದುಕೊಳ್ಳಿ. ಚಿತ್ರಗಳನ್ನು 512 × 512 ಪಿಕ್ಸೆಲ್ ಅಳತೆಗೆ ಕತ್ತರಿಸಿ, ಒಂದು ಸುತ್ತಿಗೆ ನಾಲ್ಕು ಚಿತ್ರ ತೋರಿಸುತ್ತೇವೆ. ಅಲ್ಲಿಗೆ ಒಟ್ಟು 10,48,576 ಪಿಕ್ಸೆಲ್‌ಗಳು. ಎರಡರ ಘಾತದಲ್ಲಿ ಹೇಳಿದರೆ ಸರಿಯಾಗಿ 2²⁰.

ಪ್ರತಿ ಪಿಕ್ಸೆಲ್ಲಿನಲ್ಲೂ ನೆಟ್‌ವರ್ಕ್ ತನ್ನ ಊಹೆ ಹೇಳುತ್ತದೆ. ಎಷ್ಟು ತಪ್ಪಿತು ಎಂಬುದರ ಲೆಕ್ಕವೇ ಲಾಸ್. ಲಕ್ಷಾಂತರ ಪಿಕ್ಸೆಲ್‌ಗಳ ತಪ್ಪುಗಳ ಸರಾಸರಿ ತೆಗೆದು ಒಂದೇ ಸಂಖ್ಯೆಗೆ ಇಳಿಸುತ್ತಾರೆ. ನೆಟ್‌ವರ್ಕಿನೊಳಗಿನ ಬದಲಾಯಿಸಬಹುದಾದ ಸಂಖ್ಯೆಗಳಿಗೆ ವೇಟ್ ಎಂದು ಹೆಸರು. ಯಾವ ವೇಟ್ ಅನ್ನು ಸ್ವಲ್ಪ ಅಲುಗಿಸಿದರೆ ಲಾಸ್ ಎಷ್ಟು ಬದಲಾಗುತ್ತದೆ ಎಂಬ ಲೆಕ್ಕ ಗ್ರೇಡಿಯಂಟ್. ಈ ಲೆಕ್ಕ ಲಾಸ್‌ನಿಂದ ಶುರುವಾಗಿ, ಕೊನೆಯ ಪದರದಿಂದ ಮೊದಲ ಪದರದವರೆಗೆ ಹಿಂದಕ್ಕೆ ಹರಿಯುತ್ತದೆ. ಹರಿಯುವ ದಾರಿಯಲ್ಲಿ ಪ್ರತಿ ಪದರದಲ್ಲೂ ಗುಣಾಕಾರಗಳು ನಡೆಯುತ್ತವೆ.

ಹರಿವಿನ ಮೊದಲ ಹೆಜ್ಜೆಯಲ್ಲೇ ತೊಂದರೆ ಕಾದಿದೆ. ಇಂಥ ನೆಟ್‌ವರ್ಕ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಕ್ರಾಸ್ ಎಂಟ್ರೊಪಿ ಲಾಸ್‌ಗೆ ಒಂದು ಪಿಕ್ಸೆಲ್ಲಿನ ಗ್ರೇಡಿಯಂಟ್ ತೀರ ಸರಳ: ನೆಟ್‌ವರ್ಕ್ ಹೇಳಿದ ಸಂಭವನೀಯತೆಯಿಂದ ಸರಿಯುತ್ತರವನ್ನು ಕಳೆದು, ಪಿಕ್ಸೆಲ್‌ಗಳ ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ಮುಗಿಯಿತು. ಸರಾಸರಿ ತೆಗೆದದ್ದರಿಂದ ಈ ಭಾಗಾಕಾರ ಬಂತು. ರಸ್ತೆಯ ಒಂದು ಪಿಕ್ಸೆಲ್ಲಿಗೆ ನೆಟ್‌ವರ್ಕ್ 'ಇದು 0.98ರಷ್ಟು ರಸ್ತೆ' ಎಂದಿತು ಎನ್ನಿ. ಸರಿಯುತ್ತರ 1. ವ್ಯತ್ಯಾಸದ ಗಾತ್ರ 0.02. ಅದನ್ನು 10,48,576ರಿಂದ ಭಾಗಿಸಿದರೆ ಸುಮಾರು 0.000000019. ಕನಿಷ್ಠ ಘಟಕದ ಲೆಕ್ಕದಲ್ಲಿ ಇದು 0.32 ಘಟಕ. ಅರ್ಧಕ್ಕಿಂತ ಕಡಿಮೆ. ಹಾಫ್ ಪ್ರಿಸಿಷನ್ನಿನಲ್ಲಿ ಇದು ಸೊನ್ನೆ.

ಹೋಗಲಿ, ಪೂರ್ತಿ ತಪ್ಪಿದ ಪಿಕ್ಸೆಲ್ ನೋಡೋಣ. ವ್ಯತ್ಯಾಸ 1 ಇದ್ದಾಗ ಗ್ರೇಡಿಯಂಟ್ 2⁻²⁰, ಅಂದರೆ ಕೇವಲ ಹದಿನಾರು ಘಟಕ. ಒಂದು ಪಿಕ್ಸೆಲ್ ಎಷ್ಟು ತಪ್ಪಿತು ಎಂಬುದನ್ನು, ಅಪ್ಪಟ ಸರಿಯಿಂದ ಸಂಪೂರ್ಣ ತಪ್ಪಿನವರೆಗೆ, ಹೇಳಲು ಇರುವುದು ಹದಿನಾರೇ ಹಂತಗಳು. 0.05ರ ತಪ್ಪೂ 0.09ರ ತಪ್ಪೂ ಒಂದೇ ಘಟಕವಾಗಿ ದಾಖಲಾಗುತ್ತವೆ. 0.03ಕ್ಕಿಂತ ಸಣ್ಣ ತಪ್ಪುಗಳೆಲ್ಲ ಅಳಿಸಿಹೋಗುತ್ತವೆ. ಇದು ಬರೀ ಮೊದಲ ಹೆಜ್ಜೆ. ಹಿಂದಿನ ಪದರಗಳಿಗೆ ಹೋದಂತೆ ಒಂದಕ್ಕಿಂತ ಸಣ್ಣ ಸಂಖ್ಯೆಗಳಿಂದ ಗುಣಿಸುವುದು ಸಾಮಾನ್ಯವಾದ್ದರಿಂದ ಇನ್ನಷ್ಟು ಅಳಿಯುತ್ತದೆ.

0.02ರಷ್ಟು ತಪ್ಪು ಮರೆತರೆ ಏನಾಯಿತು, ಅಷ್ಟು ಸಣ್ಣದರಿಂದ ಏನು ಕಲಿಯುವುದಿದೆ ಎಂದು ಅನಿಸುವುದು ಸಹಜ. ಈ ವಿಷಯದಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತೇವಲ್ಲ, ಒಂದು ವೇಟ್‌ನ ಗ್ರೇಡಿಯಂಟ್ ಆಗುವುದೂ ಹಾಗೆಯೇ: ಲಕ್ಷಾಂತರ ಪಿಕ್ಸೆಲ್‌ಗಳ ಪಾಲುಗಳನ್ನು ಕೂಡಿಸಿದಾಗ. ಈ ನಾಲ್ಕು ಚಿತ್ರಗಳಲ್ಲಿ ಆರು ಲಕ್ಷ ಪಿಕ್ಸೆಲ್‌ಗಳು ರಸ್ತೆಯವು, ಎಲ್ಲದರಲ್ಲೂ ತಪ್ಪು 0.02 ಎಂದುಕೊಳ್ಳಿ. 'ರಸ್ತೆ' ಎಂಬ ವರ್ಗಕ್ಕೆ ಸೇರಿದ ಒಂದು ವೇಟ್‌ಗೆ ಈ ಪಿಕ್ಸೆಲ್‌ಗಳಿಂದ ಸಲ್ಲಬೇಕಾದ ಒಟ್ಟು ಪಾಲು 0.0114. ಅದು ಹಾಫ್ ಪ್ರಿಸಿಷನ್ನಿನಲ್ಲಿ ಯಾವ ಕಷ್ಟವೂ ಇಲ್ಲದೆ ಹಿಡಿಸುವ ಸಂಖ್ಯೆ. ಮೊತ್ತ ಸಣ್ಣದಲ್ಲ, ಆದರೆ ಮೊತ್ತ ಮಾಡುವ ಮೊದಲೇ ಪ್ರತಿಯೊಂದು ಹನಿಯೂ ಸೊನ್ನೆ ಎಂದು ದಾಖಲಾಗಿದೆ. ಆರು ಲಕ್ಷ ಸೊನ್ನೆಗಳನ್ನು ಎಷ್ಟು ಜಾಗ್ರತೆಯಿಂದ ಕೂಡಿಸಿದರೂ ಸೊನ್ನೆಯೇ. ಕೂಡಿಸುವಾಗ 32 ಬಿಟ್ ಬಳಸಿದರೂ ಪ್ರಯೋಜನವಿಲ್ಲ.

ಇದರಿಂದ ಇನ್ನೊಂದು ಪರಿಣಾಮ ಆಗುತ್ತದೆ. ಕಲಿಕೆಯ ಆರಂಭದಲ್ಲಿ ನೆಟ್‌ವರ್ಕ್ ಎಲ್ಲವನ್ನೂ ತಪ್ಪು ಹೇಳುತ್ತಿರುವಾಗ ಪಿಕ್ಸೆಲ್‌ಗಳ ಗ್ರೇಡಿಯಂಟ್ ದೊಡ್ಡದಿರುತ್ತದೆ, ಹಾಗಾಗಿ ಲಾಸ್ ಚೆನ್ನಾಗಿಯೇ ಇಳಿಯುತ್ತದೆ. ನೆಟ್‌ವರ್ಕ್ ಸುಧಾರಿಸಿದಷ್ಟೂ ತಪ್ಪುಗಳು ಸಣ್ಣದಾಗಿ, ಹೆಚ್ಚು ಹೆಚ್ಚು ಪಿಕ್ಸೆಲ್‌ಗಳು ಸೊನ್ನೆಯ ಗುಂಡಿಗೆ ಬೀಳುತ್ತವೆ. 32 ಬಿಟ್‌ನ ಓಟ ಇನ್ನೂ ಇಳಿಯುತ್ತಿರುವ ಹೊತ್ತಿಗೆ 16 ಬಿಟ್‌ನ ಓಟ ಮಟ್ಟಸವಾಗಿ ನಿಂತುಬಿಡುತ್ತದೆ. ಯಾವ ದೋಷಸೂಚನೆಯೂ ಬರುವುದಿಲ್ಲ, ಯಾಕೆಂದರೆ ಸೊನ್ನೆ ಎಂಬುದು ನ್ಯಾಯವಾದ ಸಂಖ್ಯೆಯೇ. ನೆಟ್‌ವರ್ಕ್‌ಗಳಲ್ಲಿ ನಿಜವಾದ ಸೊನ್ನೆ ಗ್ರೇಡಿಯಂಟ್‌ಗಳೂ ಧಾರಾಳವಾಗಿರುತ್ತವೆ. ಕಳೆದುಹೋದ ಸೊನ್ನೆ ಯಾವುದು, ಹುಟ್ಟಿನಿಂದ ಸೊನ್ನೆ ಯಾವುದು ಎಂದು ಆ ಕ್ಷಣದಲ್ಲಿ ನೋಡಿ ಹೇಳಲಾಗದು.

ಪರಿಹಾರ ಇರುವುದು ಗ್ರೇಡಿಯಂಟ್‌ನ ಒಂದು ಗುಣದಲ್ಲಿ. ಲಾಸ್ ಅನ್ನು ಎಷ್ಟರಿಂದ ಗುಣಿಸುತ್ತೇವೋ ಹಿಂದಕ್ಕೆ ಹರಿಯುವ ಒಂದೊಂದು ಗ್ರೇಡಿಯಂಟ್ ಕೂಡ ಅಷ್ಟರಿಂದಲೇ ಗುಣಿತವಾಗುತ್ತದೆ. ಪ್ರತಿ ಪದರಕ್ಕೂ ಹೋಗಿ ಕೈಹಾಕಬೇಕಿಲ್ಲ. ಹರಿವು ಶುರುವಾಗುವ ಜಾಗದಲ್ಲಿ ಒಂದು ಗುಣಾಕಾರ ಮಾಡಿದರೆ ಕೋಟಿಗಟ್ಟಲೆ ಸಂಖ್ಯೆಗಳು ಒಟ್ಟಾಗಿ ಮೇಲಕ್ಕೆ ಸರಿಯುತ್ತವೆ. ಇದಕ್ಕೆ ಲಾಸ್ ಸ್ಕೇಲಿಂಗ್ ಎಂದು ಹೆಸರು. ಗುಣಕವಾಗಿ ಎರಡರ ಘಾತವನ್ನೇ ಆರಿಸಿದರೆ ಆ ಗುಣಾಕಾರ ಘಾತದ ಬಿಟ್‌ಗಳನ್ನಷ್ಟೇ ಬದಲಿಸುತ್ತದೆ, ವಿವರದ ಹತ್ತು ಬಿಟ್‌ಗಳನ್ನು ಮುಟ್ಟುವುದಿಲ್ಲ. ಗುಣಿಸಿದ್ದರಿಂದಲೇ ಹೊಸ ತಪ್ಪು ಹುಟ್ಟುವ ಭಯ ಇಲ್ಲ.

ನಮ್ಮ ಉದಾಹರಣೆಗೆ 65536 ಎಂಬ ಗುಣಕ ಹಾಕೋಣ, ಅದು 2¹⁶. 0.02 ತಪ್ಪಿದ ಪಿಕ್ಸೆಲ್ಲಿನ ಗ್ರೇಡಿಯಂಟ್ ಈಗ 0.00125. ಅಂತರ ಕುಗ್ಗುವುದು ನಿಲ್ಲುವ 0.000061ರ ಗೆರೆಗಿಂತ ಬಹಳ ಮೇಲೆ, ಹತ್ತೂ ಬಿಟ್‌ಗಳ ವಿವರ ಸಿಗುವ ಜಾಗದಲ್ಲಿ ಅದು ಇದೆ. ಪೈಟಾರ್ಚ್ ಇರುವ ಯಾವ ಕಂಪ್ಯೂಟರಿನಲ್ಲಾದರೂ ಇದನ್ನು ಪರೀಕ್ಷಿಸಬಹುದು:

```python
import torch
g = torch.tensor(0.02 / 1048576)
print(g.half())
print((g * 65536).half())
```

ಮೊದಲನೆಯದು ಸೊನ್ನೆ ಎಂದು ಬರುತ್ತದೆ, ಎರಡನೆಯದು 0.0013 ಎಂದು. ಎರಡನೆಯದನ್ನು 32 ಬಿಟ್‌ಗೆ ತಂದು 65536ರಿಂದ ಭಾಗಿಸಿದರೆ ಕಳೆದುಹೋಗಿದ್ದ ಸಂಖ್ಯೆ ಹೆಚ್ಚುಕಡಿಮೆ ಹಾಗೆಯೇ ಕೈಗೆ ಸಿಗುತ್ತದೆ. ಭಾಗಿಸುವುದು 32 ಬಿಟ್‌ನಲ್ಲೇ ಆಗಬೇಕು. 16 ಬಿಟ್‌ನಲ್ಲಿ ಭಾಗಿಸಿದರೆ ಎಲ್ಲವೂ ಮತ್ತೆ ಅದೇ ಗುಂಡಿಗೆ ಬೀಳುತ್ತವೆ.

ಎಸ್‌ಎಸ್‌ಡಿಯ ವಿಷಯಕ್ಕೆ ಬಂದರೆ, ಅದಕ್ಕೆ ಬೇಕಾದದ್ದು ಬರೀ ಎಂಟು, ಅಂದರೆ 2³. ಇದರಿಂದ ಸಂಶೋಧಕರು ತೆಗೆದ ತೀರ್ಮಾನ ನನಗೆ ಬಹಳ ಇಷ್ಟ. ಕನಿಷ್ಠ ಘಟಕ 2⁻²⁴, ಎಂಟರಿಂದ ಗುಣಿಸಿದಾಗ ಬದುಕುಳಿದವು ಸರಿಸುಮಾರು 2⁻²⁷ರಿಂದ 2⁻²⁴ರವರೆಗಿನ ಗ್ರೇಡಿಯಂಟ್‌ಗಳು. ಅಷ್ಟು ಉಳಿದದ್ದಕ್ಕೆ ಕಲಿಕೆ ದಾರಿಗೆ ಬಂತು. ಅದಕ್ಕಿಂತ ಕೆಳಗಿನವು ಆಗಲೂ ಸೊನ್ನೆಯಾಗುತ್ತಲೇ ಇದ್ದವು, ಆದರೂ ನಿಖರತೆ ಕಡಿಮೆಯಾಗಲಿಲ್ಲ. ಅಂದರೆ ಆ ನೆಟ್‌ವರ್ಕಿಗೆ ಬೇಕಾದ ತಿಳಿವಳಿಕೆ ಎಲ್ಲಿಯವರೆಗೆ ಇತ್ತು, ಎಲ್ಲಿಂದಾಚೆ ಇರಲಿಲ್ಲ ಎಂಬ ಗಡಿಯೇ ಕಣ್ಣಿಗೆ ಕಂಡಂತಾಯಿತು. ಅದೇ ನೆಟ್‌ವರ್ಕಿನ ಗ್ರೇಡಿಯಂಟ್‌ಗಳು ಹಾಫ್ ಪ್ರಿಸಿಷನ್ನಿನ ಕೆಳತುದಿಗೆ ಒತ್ತರಿಸಿಕೊಂಡಿದ್ದವು, ಮೇಲಿನ ಬಹುಪಾಲು ಜಾಗ ಖಾಲಿ ಬಿದ್ದಿತ್ತು.

ಎಂಟು ಎಂದು ಮೊದಲೇ ಗೊತ್ತಾಗುವುದು ಹೇಗೆ? ಗೊತ್ತಾಗುವುದಿಲ್ಲ. ಇನ್ನೊಂದು ನೆಟ್‌ವರ್ಕಿಗೆ 128 ಬೇಕಾದೀತು, ಮತ್ತೊಂದಕ್ಕೆ ಸಾವಿರಾರು. ಕಣ್ಣುಮುಚ್ಚಿ ದೊಡ್ಡದನ್ನೇ ಹಾಕೋಣವೆಂದರೆ ಮೇಲೆ 65504ರ ಮಿತಿ ಇದೆ. ನಮ್ಮ ಉದಾಹರಣೆಯಲ್ಲೇ, ಕಲಿಕೆಯ ಆರಂಭದಲ್ಲಿ ಒಂದು ವೇಟ್‌ನ ಗ್ರೇಡಿಯಂಟ್ 1.5 ಇದ್ದರೆ, 65536ರಿಂದ ಗುಣಿಸಿದಾಗ ಅದು 98304 ಆಗಿ ಮಿತಿ ದಾಟಿ `inf` ಆಗುತ್ತದೆ.

ಇಲ್ಲಿ ಎರಡು ಅಪಾಯಗಳ ಸ್ವಭಾವವನ್ನು ಹೋಲಿಸಿ ನೋಡಬೇಕು. ಅಂಡರ್‌ಫ್ಲೋ ಮೌನವಾಗಿ ಆಗುತ್ತದೆ, ಹಿಂದೆ ಗುರುತು ಉಳಿಸುವುದಿಲ್ಲ. ಓವರ್‌ಫ್ಲೋ ಹಾಗಲ್ಲ. ಒಂದು `inf` ಹುಟ್ಟಿತೆಂದರೆ ಅದು ಮುಂದಿನ ಲೆಕ್ಕಗಳಿಗೆಲ್ಲ ಹಬ್ಬಿ, `inf` ಅಥವಾ `NaN` ಆಗಿ ಗ್ರೇಡಿಯಂಟ್‌ನಲ್ಲಿ ಎದ್ದು ಕಾಣುತ್ತದೆ. ಅದನ್ನು ಹುಡುಕುವುದು ಅಗ್ಗದ ಕೆಲಸ. ಹಾಗಾದರೆ ಕಾಣದ ಅಪಾಯದಿಂದ ಎಷ್ಟು ದೂರ ಇದ್ದೇವೆ ಎಂದು ಅಳೆಯುವ ಬದಲು, ಕಾಣುವ ಅಪಾಯ ಮುಟ್ಟುವವರೆಗೆ ಗುಣಕವನ್ನು ಏರಿಸುತ್ತಾ ಹೋಗಿ, ಮುಟ್ಟಿದೊಡನೆ ಒಂದು ಹೆಜ್ಜೆ ಹಿಂದೆ ಸರಿದರೆ ಸಾಕು. ಆಗ ಕೆಳಗಿನ ಅಪಾಯದಿಂದ ಸಾಧ್ಯವಿದ್ದಷ್ಟೂ ದೂರದಲ್ಲಿರುತ್ತೇವೆ. ಡೈನಾಮಿಕ್ ಲಾಸ್ ಸ್ಕೇಲಿಂಗ್ ಎಂಬ ವಿಧಾನದ ಹುರುಳು ಇಷ್ಟೇ, ಮತ್ತು ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಜಾಣತನದ ಭಾಗವಾಗಿ ಕಾಣುವುದೂ ಇದೇ.

ಪೈಟಾರ್ಚ್‌ನಲ್ಲಿ ಈ ಕೆಲಸ `GradScaler` ಎಂಬುದರದ್ದು. ಅದು 65536ರಿಂದ ಶುರುಮಾಡುತ್ತದೆ. ಒಂದು ಸುತ್ತಿನ ಗ್ರೇಡಿಯಂಟ್‌ಗಳಲ್ಲಿ ಎಲ್ಲಾದರೂ `inf` ಅಥವಾ `NaN` ಸಿಕ್ಕರೆ ಆ ಸುತ್ತನ್ನು ಕೈಬಿಡುತ್ತದೆ, ವೇಟ್‌ಗಳನ್ನು ಮುಟ್ಟುವುದಿಲ್ಲ, ಗುಣಕವನ್ನು ಅರ್ಧಕ್ಕಿಳಿಸುತ್ತದೆ. ಸತತವಾಗಿ 2000 ಸುತ್ತು ತೊಂದರೆಯಿಲ್ಲದೆ ನಡೆದರೆ ಗುಣಕವನ್ನು ಎರಡರಷ್ಟು ಮಾಡುತ್ತದೆ. ಕಲಿಕೆ ಹದಕ್ಕೆ ಬಂದ ಮೇಲೆ ಎರಡು ಸಾವಿರಕ್ಕೆ ಒಂದರಂತೆ ಸುತ್ತು ವ್ಯರ್ಥವಾಗಬಹುದು, ಅದು ಲೆಕ್ಕಕ್ಕೇ ಬರುವಂಥ ನಷ್ಟವಲ್ಲ. ಬರೆಯಬೇಕಾದ ಸಾಲುಗಳು ಇಷ್ಟು:

```python
scaler = torch.amp.GradScaler("cuda")

for x, y in loader:
    optimizer.zero_grad()
    with torch.autocast("cuda", dtype=torch.float16):
        loss = loss_fn(model(x), y)
    scaler.scale(loss).backward()
    scaler.unscale_(optimizer)
    torch.nn.utils.clip_grad_norm_(model.parameters(), 1.0)
    scaler.step(optimizer)
    scaler.update()
```

ಇದರಲ್ಲಿ `unscale_` ಎಂಬ ಸಾಲಿನ ಜಾಗ ಬಹಳ ಮುಖ್ಯ. ಅದರ ಮುಂದಿನ ಸಾಲು ಗ್ರೇಡಿಯಂಟ್‌ಗಳ ಒಟ್ಟು ಗಾತ್ರ 1 ದಾಟದಂತೆ ಕತ್ತರಿಸುತ್ತದೆ. ಕತ್ತರಿಸುವ ಮೊದಲು ಭಾಗಿಸಲು ಮರೆತರೆ, 65536 ಪಟ್ಟು ಉಬ್ಬಿದ ಗ್ರೇಡಿಯಂಟ್‌ಗಳನ್ನು 1ಕ್ಕೆ ತಗ್ಗಿಸಿ, ಆಮೇಲೆ `step` ಒಳಗೆ ಮತ್ತೆ 65536ರಿಂದ ಭಾಗಿಸಿದಂತಾಗುತ್ತದೆ. ಕಲಿಕೆ ನಿಂತಲ್ಲೇ ನಿಲ್ಲುತ್ತದೆ, ದೋಷಸೂಚನೆ ಮಾತ್ರ ಬರುವುದಿಲ್ಲ. ಆಡಮ್ ಎಂಬ ವಿಧಾನ ಬಳಸುತ್ತಿದ್ದರೆ ಇದು ಇನ್ನೂ ಕಾಣುವುದು ಕಷ್ಟ, ಯಾಕೆಂದರೆ ಆಡಮ್ ಗ್ರೇಡಿಯಂಟ್‌ನ ಒಟ್ಟಾರೆ ಗಾತ್ರವನ್ನು ಬಹುಮಟ್ಟಿಗೆ ತಾನೇ ಸರಿದೂಗಿಸಿಕೊಂಡು ತಪ್ಪನ್ನು ಮುಚ್ಚಿಡುತ್ತದೆ.

ಎಲ್ಲವನ್ನೂ ಲಾಸ್ ಸ್ಕೇಲಿಂಗ್ ಸರಿಮಾಡುತ್ತದೆ ಎಂದು ತಿಳಿಯಬಾರದು. ಗ್ರೇಡಿಯಂಟ್ ಸುರಕ್ಷಿತವಾಗಿ ಬಂದ ಮೇಲೂ ಇನ್ನೊಂದು ಕಡೆ ಅದು ಕಳೆದುಹೋಗಬಹುದು. ಒಂದು ವೇಟ್ 0.7 ಇದೆ, ಪ್ರತಿ ಸುತ್ತಿಗೂ ಅದಕ್ಕೆ 0.0001 ಸೇರಬೇಕು ಎನ್ನಿ. ಎರಡೂ ಹಾಫ್ ಪ್ರಿಸಿಷನ್ನಿನಲ್ಲಿ ಹಿಡಿಸುವ ಸಂಖ್ಯೆಗಳೇ. ಆದರೆ 0.7ರ ಸುತ್ತಮುತ್ತ ಪಕ್ಕಪಕ್ಕದ ಸಂಖ್ಯೆಗಳ ಅಂತರ 0.00049. ಅದರ ಅರ್ಧಕ್ಕಿಂತ ಕಡಿಮೆಯದನ್ನು ಸೇರಿಸಿದರೆ ಉತ್ತರ ಮತ್ತೆ ಮೊದಲಿನ ಸಂಖ್ಯೆಗೇ ಮರಳುತ್ತದೆ. ಸಾವಿರ ಸುತ್ತಿನ ನಂತರ 0.8 ಆಗಬೇಕಿದ್ದ ವೇಟ್ ಹೊರಟಲ್ಲೇ ಇರುತ್ತದೆ. ಇಲ್ಲಿ ಯಾವ ಸಂಖ್ಯೆಯೂ ತೀರ ಸಣ್ಣದಾಗಿಲ್ಲ, ಎರಡರ ನಡುವಿನ ಅಜಗಜಾಂತರವೇ ಕಾರಣ. ಹಾಗಾಗಿಯೇ ವೇಟ್‌ಗಳ ಮೂಲಪ್ರತಿಯನ್ನು 32 ಬಿಟ್‌ನಲ್ಲಿ ಇಟ್ಟುಕೊಂಡು, ಗುಣಾಕಾರಕ್ಕೆ ಮಾತ್ರ 16 ಬಿಟ್ ನಕಲು ತೆಗೆಯುತ್ತಾರೆ. ಮಿಕ್ಸ್‌ಡ್ ಪ್ರಿಸಿಷನ್ ಎನ್ನುವುದು ಈ ಬೆರಕೆಯಿಂದಲೇ. 2017ರ ಅದೇ ಪ್ರಬಂಧದಲ್ಲಿ ಮ್ಯಾಂಡರಿನ್ ಮಾತನ್ನು ಗುರುತಿಸುವ ನೆಟ್‌ವರ್ಕೊಂದರ ವೇಟ್‌ಗಳನ್ನು 16 ಬಿಟ್‌ನಲ್ಲೇ ಪರಿಷ್ಕರಿಸಿ ನೋಡಿದಾಗ ನಿಖರತೆ ಶೇ. 80ರಷ್ಟು ಹದಗೆಟ್ಟಿತ್ತು. ಆಡಮ್ ತನ್ನೊಳಗೆ ಇಟ್ಟುಕೊಳ್ಳುವ ಲೆಕ್ಕಗಳೂ 32 ಬಿಟ್‌ನಲ್ಲೇ ಇರಬೇಕು. ಅದು ಗ್ರೇಡಿಯಂಟ್‌ಗಳ ವರ್ಗವನ್ನು ನೆನಪಿಡುತ್ತದೆ, ಮತ್ತು 0.0001ರ ವರ್ಗ 0.00000001 ಹಾಫ್ ಪ್ರಿಸಿಷನ್ನಿನಲ್ಲಿ ನೇರವಾಗಿ ಸೊನ್ನೆ.

ಕಲಿಕೆ ಮಟ್ಟಸವಾಗಿ ನಿಂತಾಗ ಅದು ಅಂಡರ್‌ಫ್ಲೋದಿಂದಲೇ ಎಂದು ತಿಳಿಯುವುದು ಹೇಗೆ? ಒಂದೇ ವೇಟ್‌ಗಳು, ಒಂದೇ ನಾಲ್ಕು ಚಿತ್ರಗಳನ್ನು ಹಿಡಿದು ಗ್ರೇಡಿಯಂಟ್ ಅನ್ನು ಎರಡು ಸಲ ಲೆಕ್ಕ ಮಾಡಬೇಕು, ಒಮ್ಮೆ 32 ಬಿಟ್‌ನಲ್ಲಿ, ಒಮ್ಮೆ 16 ಬಿಟ್‌ನಲ್ಲಿ. ಪದರ ಪದರಕ್ಕೂ ಎಷ್ಟು ಸೊನ್ನೆಗಳಿವೆ ಎಂದು ಎಣಿಸಿ ಹೋಲಿಸಬೇಕು. ಮೊದಲನೆಯದರಲ್ಲಿ ಸೊನ್ನೆಯಲ್ಲದ್ದು ಎರಡನೆಯದರಲ್ಲಿ ಸೊನ್ನೆಯಾಗಿದ್ದರೆ ಕಳ್ಳ ಸಿಕ್ಕಿದ ಹಾಗೆ. ಇದರ ಜೊತೆಗೆ `scaler.get_scale()` ಕೊಡುವ ಗುಣಕವನ್ನು ಲಾಸ್‌ನ ಪಕ್ಕದಲ್ಲೇ ದಾಖಲಿಸುತ್ತಿರಬೇಕು. ಶುರುವಿನಲ್ಲಿ ನಾಲ್ಕಾರು ಸಲ ಅರ್ಧಕ್ಕಿಳಿದು ಆಮೇಲೆ ನಿಧಾನವಾಗಿ ಏರಿಳಿಯುತ್ತಿದ್ದರೆ ಎಲ್ಲ ಸರಿಯಾಗಿದೆ ಎಂದರ್ಥ. ಇಳಿಯುತ್ತಲೇ ಹೋಗಿ 1ಕ್ಕಿಂತ ಕೆಳಗೆ ಜಾರಿದರೆ ರೋಗ ಬೇರೆ ಕಡೆ ಇದೆ. ಗುಣಕ ಎಷ್ಟು ಕಡಿಮೆ ಮಾಡಿದರೂ `NaN` ನಿಲ್ಲುತ್ತಿಲ್ಲ ಎಂದರೆ ಅದು ಗುಣಕದಿಂದ ಹುಟ್ಟಿದ್ದಲ್ಲ. ಮೆಟಾ ಕಂಪನಿಯವರು ಓಪಿಟಿ ಎಂಬ 175 ಶತಕೋಟಿ ವೇಟ್‌ಗಳ ಭಾಷಾ ಮಾದರಿಯನ್ನು ಕಲಿಸಿದಾಗ ಲಾಸ್ ಕೆಟ್ಟಾಗಲೆಲ್ಲ ಈ ಗುಣಕವೂ ಸೊನ್ನೆಯತ್ತ ಕುಸಿಯುವುದನ್ನು ಗಮನಿಸಿದರು. ಗುಣಕ ಇನ್ನೂ 1 ಅಥವಾ ಮೇಲಿದ್ದ ಹಿಂದಿನ ಉಳಿಕೆಗೆ ಮರಳಿ, ಕಲಿಕೆಯ ವೇಗ ತಗ್ಗಿಸಿ ಮುಂದುವರಿಸುತ್ತಿದ್ದರು ಎಂದು 2022ರ ಅವರ ವರದಿಯಲ್ಲಿದೆ.

ನೆಟ್‌ವರ್ಕ್ ಆಳವಾದಷ್ಟೂ ಒಂದೇ ಗುಣಕ ಎಲ್ಲರಿಗೂ ಹೊಂದುವುದಿಲ್ಲ ಎಂಬ ಸಮಸ್ಯೆಯೂ ಬಂತು. ಒಂದು ಪದರದ ಗ್ರೇಡಿಯಂಟ್ ಮೇಲಿನ ಮಿತಿಗೆ ಹತ್ತಿರವಾಗುವಾಗ ಇನ್ನೊಂದರದ್ದು ಇನ್ನೂ ಸೊನ್ನೆಯ ಗುಂಡಿಯಲ್ಲೇ ಇರಬಹುದು. ಮಾತಿನಿಂದ ಚಿತ್ರ ಬರೆಯುವ ಡಾಲ್-ಇಯ ಮೊದಲ ಆವೃತ್ತಿಯನ್ನು ಕಲಿಸಿದ ಓಪನ್‌ಎಐ ಸಂಶೋಧಕರು, ನೂರು ಕೋಟಿ ವೇಟ್‌ಗಳನ್ನು ದಾಟಿದ ಮೇಲೆ 16 ಬಿಟ್‌ನಲ್ಲಿ ಕಲಿಸುವುದೇ ತಮ್ಮ ಯೋಜನೆಯ ಅತಿ ಕಷ್ಟದ ಭಾಗವಾಗಿತ್ತೆಂದು 2021ರಲ್ಲಿ ಬರೆದರು. ಗ್ರೇಡಿಯಂಟ್ ಅಂಡರ್‌ಫ್ಲೋ ಇದರ ಬೇರು ಎಂದು ಅವರು ನಂಬಿದ್ದರು. ಅವರು ಮಾಡಿದ್ದೆಂದರೆ, ಇಡೀ ನೆಟ್‌ವರ್ಕಿಗೆ ಒಂದು ಗುಣಕ ಎಂಬುದನ್ನು ಬಿಟ್ಟು ಪದರಗಳ ಒಂದೊಂದು ಗುಂಪಿಗೂ ಪ್ರತ್ಯೇಕ ಗುಣಕ ಇಟ್ಟದ್ದು.

ಇನ್ನೊಂದು ದಾರಿ ಸಂಖ್ಯೆಯ ರಚನೆಯನ್ನೇ ಬದಲಿಸುವುದು. ಗೂಗಲ್ ತನ್ನ ಟಿಪಿಯು ಚಿಪ್‌ಗಳಿಗಾಗಿ ಮಾಡಿಕೊಂಡ ಬಿಎಫ್16 ಎಂಬ ಬಗೆಯಲ್ಲೂ 16 ಬಿಟ್‌ಗಳೇ ಇರುವುದು, ಆದರೆ ಗಾತ್ರಕ್ಕೆ ಎಂಟು, ವಿವರಕ್ಕೆ ಏಳು. 32 ಬಿಟ್‌ನಷ್ಟೇ ವಿಶಾಲ ವ್ಯಾಪ್ತಿ ಇರುವುದರಿಂದ ನಮ್ಮ 0.000000019 ಅಲ್ಲಿ ಆರಾಮವಾಗಿ ಕೂರುತ್ತದೆ, ಲಾಸ್ ಸ್ಕೇಲಿಂಗ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಬೆಲೆ ತೆರುವುದು ವಿವರದಲ್ಲಿ: 1ರ ನಂತರದ ಸಂಖ್ಯೆ 1.0078. ಹಾಗಾಗಿ 32 ಬಿಟ್ ಮೂಲಪ್ರತಿ ಇಲ್ಲಿ ಇನ್ನೂ ಹೆಚ್ಚು ಅವಶ್ಯ. ಕನ್ನಡವೂ ಸೇರಿ 46 ಭಾಷೆಗಳ ಬರಹದಿಂದ ಕಲಿತ ಬ್ಲೂಮ್ ಮಾದರಿಯ ತಂಡ, ಮೊದಲು 104 ಶತಕೋಟಿ ವೇಟ್‌ಗಳ ಪ್ರಯೋಗಗಳನ್ನು ಹಾಫ್ ಪ್ರಿಸಿಷನ್ನಿನಲ್ಲಿ ನಡೆಸಿ, ಕಲಿಕೆ ಸರಿಪಡಿಸಲಾಗದಂತೆ ಕೆಡುವುದನ್ನು ಕಂಡಿತು. 176 ಶತಕೋಟಿಯ ಅಂತಿಮ ಮಾದರಿಯನ್ನು ಬಿಎಫ್16ರಲ್ಲಿ ಕಲಿಸಿತು. ಅದಕ್ಕೆ ಎ100ನಂಥ ಹೊಸ ಚಿಪ್ ಬೇಕಾಗುತ್ತದೆ. ವಿ100 ಮತ್ತು ಟಿ4 ಚಿಪ್‌ಗಳ ಟೆನ್ಸರ್ ಕೋರ್‌ಗಳಿಗೆ ಬಿಎಫ್16 ಬರುವುದಿಲ್ಲ, ಆದ್ದರಿಂದ ಕಡಿಮೆ ಖರ್ಚಿನಲ್ಲಿ ಟಿ4 ಮೇಲೆ ಕೆಲಸ ಮಾಡುವ ವಿದ್ಯಾರ್ಥಿಗೆ `GradScaler` ಇಂದಿಗೂ ನಿತ್ಯದ ಬಳಕೆಯ ವಸ್ತು.

ಬಿಎಫ್16 ಬಂದ ಮೇಲೆ ಗುಣಕಗಳ ಕಾಟ ಮುಗಿಯಿತು ಎನ್ನುವ ಹೊತ್ತಿಗೆ 2022ರಲ್ಲಿ ಎಚ್100 ಚಿಪ್ 8 ಬಿಟ್ ಸಂಖ್ಯೆಗಳೊಂದಿಗೆ ಬಂತು. ಅದರ ಒಂದು ಬಗೆಯಲ್ಲಿ ಗಾತ್ರಕ್ಕೆ ನಾಲ್ಕು ಬಿಟ್, ವಿವರಕ್ಕೆ ಮೂರು, ಮೇಲಿನ ಮಿತಿ ಬರೀ 448. ಇಷ್ಟು ಕಿರಿದಾದ ಜಾಗಕ್ಕೆ ಇಡೀ ನೆಟ್‌ವರ್ಕನ್ನು ಒಂದೇ ಗುಣಕದಿಂದ ಹೊಂದಿಸಲು ಸಾಧ್ಯವೇ ಇಲ್ಲ. ಸಂಖ್ಯೆಗಳ ಒಂದೊಂದು ಕೋಷ್ಟಕಕ್ಕೂ ಒಂದೊಂದು ಗುಣಕ ಇಡುವುದು ಈಗ ರೂಢಿ. 2024ರ ಕೊನೆಯಲ್ಲಿ ಬಂದ ಡೀಪ್‌ಸೀಕ್-ವಿ3 ಅದನ್ನೂ ದಾಟಿ, ಪದರದಿಂದ ಪದರಕ್ಕೆ ಹರಿಯುವ ಮೌಲ್ಯಗಳನ್ನು 128ರ ಸಣ್ಣ ತುಂಡುಗಳಾಗಿ ಒಡೆದು, ಪ್ರತಿ ತುಂಡಿಗೂ ಅದರದೇ ಗುಣಕ ಲೆಕ್ಕ ಹಾಕುತ್ತದೆ.